ಹುಲ್ಲಿನ ಮಾಡು ಚಿತ್ರದಲ್ಲೂ ಸೋರಬಾರದು

ಶ್ರೀರಂಗಪಟ್ಟಣದ ಹತ್ತಿರ, ಕಾವೇರಿ ದಂಡೆಯ ಒಂದು ರೆಸಾರ್ಟ್‌ಗೆ ಕಾಟೇಜಿನ ಚಿತ್ರ ಮಾಡಿಕೊಡುತ್ತಿದ್ದೆ. ಕಟ್ಟಡ ಇನ್ನೂ ಪಾಯದಲ್ಲೇ ಇತ್ತು. ಕಂಪ್ಯೂಟರಿನಲ್ಲಿ ಮಾದರಿ ಕಟ್ಟಿ, ಬಿಸಿಲು ಬಿಟ್ಟು, ಫೋಟೋ ತೆಗೆದ ಹಾಗೆ ರೆಂಡರ್ ಮಾಡುವುದು ನನ್ನ ಕೆಲಸ. ಹುಲ್ಲು ಹೊದಿಸಲು ಬಂದಿದ್ದ ತಾತನಿಗೆ ಜಂಬದಿಂದಲೇ ಲ್ಯಾಪ್‌ಟಾಪ್ ತೋರಿಸಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿದರು. "ಮೊದಲ್ನೇ ಮಳೆಗೇ ಸೋರ್ತದೆ ಕನಪ್ಪ. ಹುಲ್ಲು ಒಂದರ ಮೇಲೊಂದು ಕೂತೇ ಇಲ್ಲ, ಅಂಟಿಸಿದಂಗದೆ."

ಅಂಟಿಸಿದ್ದೇ ಆಗಿತ್ತು. ಇಳಿಜಾರು ಹಲಗೆಯ ಮೇಲೆ ಹುಲ್ಲಿನ ಫೋಟೋ ಸುತ್ತಿ, ಸ್ವಲ್ಪ ಉಬ್ಬುತಗ್ಗು ಕೊಟ್ಟಿದ್ದೆ, ಅಷ್ಟೇ. ದೂರದಿಂದ ಪರವಾಗಿಲ್ಲ. ಸೂರಿನ ಕೆಳಗೆ ನಿಂತು ನೋಡಿದರೆ ಮಾತ್ರ ಅಂಚು ಕಾಗದದ ಹಾಗೆ ತೆಳ್ಳಗೆ ಕಾಣುತ್ತಿತ್ತು.

ಹುಲ್ಲನ್ನು ಸೂರಿನಿಂದ ಶುರು ಮಾಡಿ ನೆತ್ತಿಯ ಕಡೆಗೆ ಹೊದಿಸುತ್ತಾ ಹೋಗುತ್ತಾರೆ. ಮೇಲಿನ ಸಾಲು ಕೆಳಗಿನ ಸಾಲಿನ ಬುಡವನ್ನು ಮುಚ್ಚುತ್ತದೆ. ಹುಲ್ಲು 60 ಸೆಂ.ಮೀ. ಉದ್ದ, ಸಾಲಿನಿಂದ ಸಾಲಿಗೆ 20 ಸೆಂ.ಮೀ. ಅಂತರ ಎಂದುಕೊಳ್ಳಿ. ಆಗ ಎಲ್ಲಿ ಬೆರಳಿಟ್ಟರೂ ಅದರ ಕೆಳಗೆ ಮೂರು ಪದರ ಇರುತ್ತದೆ. ಒಂದೊಂದು ಪದರ 5 ಸೆಂ.ಮೀ. ದಪ್ಪ ಇದ್ದರೆ ಒಟ್ಟು 15. ಬುಡ ದಬ್ಬೆಗೆ ತಾಗಿರುತ್ತದೆ, ತುದಿ ಆ 15 ಸೆಂ.ಮೀ. ದಪ್ಪದ ಮೇಲೆ ಎದ್ದಿರುತ್ತದೆ. ಹಾಗಾಗಿ ಮಾಡಿನ ಇಳಿಜಾರು 45 ಡಿಗ್ರಿ ಇದ್ದರೂ ಹುಲ್ಲು ಮಲಗುವುದು ಸುಮಾರು 30 ಡಿಗ್ರಿಯಲ್ಲಿ. ನೀರು ಹರಿಯುವುದು ಈ ಹುಲ್ಲಿನ ಮೇಲೆ. ಅದಕ್ಕೇ ಹುಲ್ಲಿನ ಮಾಡನ್ನು ಅಷ್ಟು ಕಡಿದಾಗಿ ಕಟ್ಟುವುದು. ನನ್ನ ಚಿತ್ರದಲ್ಲಿ ಈ 15 ಡಿಗ್ರಿಯೇ ಇರಲಿಲ್ಲ!

ಮತ್ತೆ ಶುರು ಮಾಡಿದೆ. ಬ್ಲೆಂಡರ್ ಅನ್ನೋ 3ಡಿ ತಂತ್ರಾಂಶದಲ್ಲಿ ಮಾಡಿನ ಮೇಲೆಲ್ಲ ಹುಲ್ಲನ್ನು ಸುಮ್ನೆ ಎರಚಿದರೆ ಸಾಲು ಕಳೆದುಹೋಗಿ ಹುಲ್ಲುಗಾವಲಾಗುತ್ತದೆ. ಅದಕ್ಕೆ ಪ್ರತಿ ಸಾಲಿಗೂ ಒಂದು ಗೆರೆ ಎಳೆದೆ. `Resample Curve`ನಿಂದ ಗೆರೆಯ ಮೇಲೆ 5 ಸೆಂ.ಮೀ.ಗೊಂದು ಚುಕ್ಕಿ, `Instance on Points`ನಿಂದ ಚುಕ್ಕಿಗೊಂದು ಹಿಡಿ ಹುಲ್ಲು. ಇಳಿಜಾರಿನ ಉದ್ದ 4.4 ಮೀಟರ್, ಅಂದರೆ 22 ಸಾಲು. ಮಾಡಿನ ಅಗಲ 7 ಮೀಟರ್, ಸಾಲಿಗೆ 140 ಹಿಡಿ. ಎರಡೂ ಕಡೆ ಸೇರಿ 6,160 ಹಿಡಿ. ಹಿಡಿಗೆ 60 ಎಳೆಯಂತೆ ಲೆಕ್ಕ ಹಾಕಿದರೆ ಮೂರೂವರೆ ಲಕ್ಷಕ್ಕೂ ಜಾಸ್ತಿ. ಆದರೂ ಕಂಪ್ಯೂಟರ್ ಒದ್ದಾಡಲಿಲ್ಲ. ನಾನು ಮಾಡಿದ್ದು ಆರೇ ಬಗೆಯ ಹಿಡಿ, ಉಳಿದದ್ದೆಲ್ಲ ಅವುಗಳದ್ದೇ ನೆರಳಚ್ಚು. ಒಂದೊಂದನ್ನು ಚೂರು ತಿರುಗಿಸಿ, ಚೂರು ಉದ್ದ ಗಿಡ್ಡ ಮಾಡಿದರೆ ಗುರುತು ಸಿಗುವುದಿಲ್ಲ.

ಸೂರಿನ ಅಂಚಿನಲ್ಲಿ ಮತ್ತೆ ಎಡವಿದೆ. ಚಾಕುವಿನಲ್ಲಿ ಕತ್ತರಿಸಿದಷ್ಟು ನೇರ ಮಾಡಿದೆ, ಮಾಡು ಹಲ್ಲುಜ್ಜುವ ಬ್ರಷ್ಷಿನ ಹಾಗಾಯಿತು. ಕೈಯಲ್ಲಿ ಕತ್ತರಿಸಿದ ಅಂಚು ಒಂದು ಸೆಂ.ಮೀ. ಆಚೀಚೆ ಇರುತ್ತದೆ. ನಡುವೆ ಅಲ್ಲೊಂದು ಇಲ್ಲೊಂದು ಎಳೆ ತಪ್ಪಿಸಿಕೊಂಡು ಜೋತಾಡುತ್ತದೆ. ತೆಂಗಿನ ಗರಿಯ ತಟ್ಟಿಯಾದರೆ ಇಷ್ಟು ಕತ್ತರಿಯೂ ಬೇಡ. ಅಲ್ಲಿ ಕಾಣಬೇಕಾದ್ದು ಓರೆ ಹೆಣಿಗೆ, ಕೆಳಗೆ ಸೀಳಿದ ತುದಿಗಳು.

ಹಳೆಯದಾಗಿ ಕಾಣಿಸುವುದಕ್ಕೆ ಮೊದಲು ಇಡೀ ಮಾಡಿಗೆ ಬೂದು ಬಣ್ಣ ಬಳಿದಿದ್ದೆ. ತಾತ ಪಕ್ಕದ ಹಳೇ ಗುಡಿಸಲಿನಿಂದ ಒಂದು ಎಳೆ ಹಿರಿದು ಕೊಟ್ಟರು. ತುದಿಯ ಒಂದು ಗೇಣು ಬೂದು, ಒಳಗಿನದೆಲ್ಲ ಇನ್ನೂ ಹೊಂಬಣ್ಣ. ಬಿಸಿಲಿನ ಅತಿನೇರಳೆ ಕಿರಣ ಹುಲ್ಲಿನ ನಾರನ್ನು ಹಿಡಿದಿಡುವ ಲಿಗ್ನಿನ್ ಎಂಬ ಅಂಟನ್ನು ಮುರಿಯುತ್ತದೆ, ಮಳೆ ಅದನ್ನು ತೊಳೆಯುತ್ತದೆ, ಸೆಲ್ಯುಲೋಸ್ ಎಂಬ ನಾರು ಬೆಳ್ಳಗೆ ಉಳಿಯುತ್ತದೆ. ಇದೆಲ್ಲ ಆಗುವುದು ಹೊರಗೆ ಕಾಣುವ 20 ಸೆಂ.ಮೀ.ಗೆ ಮಾತ್ರ. ಹಾಗಾಗಿ ಬಣ್ಣವನ್ನು ಮಾಡಿಗೆ ಬಳಿಯದೆ ಎಳೆಯ ಉದ್ದಕ್ಕೆ ಕೊಟ್ಟೆ: ಬುಡದಲ್ಲಿ ಹೊನ್ನು, ತುದಿಯಲ್ಲಿ ಬೂದಿ. ಕೋತಿ ಕೆದರಿದಂತೆ ಎರಡು ಹಿಡಿ ಎತ್ತಿದೆ. ಅಲ್ಲಿ ಒಳಗಿನ ಹಳದಿ ತಾನಾಗಿಯೇ ಇಣುಕಿತು.

ಪಾಚಿಯ ವಿಷಯದಲ್ಲಿ ವಿದೇಶದ ಫೋಟೋ ನೋಡಿ ಮೋಸ ಹೋಗಬಾರದು. ಇಂಗ್ಲೆಂಡಿನ ಚಳಿಗಾಲದಲ್ಲಿ ಮಾಡಿನ ಉತ್ತರದ ಮಗ್ಗುಲಿಗೆ ಬಿಸಿಲೇ ತಾಗುವುದಿಲ್ಲ, ಪಾಚಿ ಅಲ್ಲೇ ಕಟ್ಟುತ್ತದೆ. ನಮ್ಮ ಕಡೆ ಡಿಸೆಂಬರ್ ಮಧ್ಯಾಹ್ನವೂ ಸೂರ್ಯ 54 ಡಿಗ್ರಿ ಎತ್ತರದಲ್ಲಿರುತ್ತಾನೆ. 45 ಡಿಗ್ರಿ ಇಳಿಜಾರಿನ ಉತ್ತರದ ಮಗ್ಗುಲಿಗೂ ಓರೆ ಬಿಸಿಲು ಬೀಳುತ್ತದೆ. ಅದಕ್ಕೇ ಕಪ್ಪು ಕಲೆಯನ್ನು ದಿಕ್ಕು ನೋಡಿ ಹಾಕಲಿಲ್ಲ. ಹೊಂಗೆ ಮರದ ಕೊಂಬೆ ತೊಟ್ಟಿಕ್ಕುವ ಜಾಗದಲ್ಲಿ ಹಾಕಿದೆ.

ಹೊಸ ಚಿತ್ರ ತೋರಿಸಿದಾಗ ತಾತ ಸೂರಿನಿಂದ ಮೇಲಕ್ಕೆ ಬೆರಳಾಡಿಸುತ್ತಾ ಹೋದರು. ನೆತ್ತಿಯಲ್ಲಿ ನಿಲ್ಲಿಸಿದರು. "ಇಲ್ಲಿ ಎರಡು ಕಡೆ ಬುಡವೂ ಬಾಯಿ ಬಿಟ್ಟದಲ್ಲಪ್ಪ. ಹುಲ್ಲು ಮಡಚಿ ಹಾಕಿ, ದಬ್ಬೆ ಕಟ್ಟು."