ಪರ್ಮಾಂಗನೇಟ್ ಟೈಟ್ರೇಶನ್: ಪ್ರಾಯೋಗಿಕ ಪರೀಕ್ಷೆಗೆ ನನ್ನ ಟಿಪ್ಪಣಿ

0.05 M ಆಕ್ಸಾಲಿಕ್ ಆಮ್ಲದ ಸಹಾಯದಿಂದ ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣದ ಮೊಲಾರಿಟಿ ಕಂಡುಹಿಡಿಯಬೇಕು. ಬ್ಯೂರೆಟ್ ತೊಳೆಯುವುದು, ತುಂಬುವುದು ಎಲ್ಲರಿಗೂ ಗೊತ್ತು, ಬಿಡುತ್ತೇನೆ.

ವಿಧಾನ

ಪಿಪೆಟ್‌ನಿಂದ 10 ಮಿ.ಲೀ. ಆಕ್ಸಾಲಿಕ್ ಆಮ್ಲವನ್ನು ಕೋನಿಕಲ್ ಫ್ಲಾಸ್ಕ್‌ಗೆ ಹಾಕಿ, ಅಷ್ಟೇ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಸೇರಿಸಿ, 60–70 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಬೇಕು. ಕುದಿಸಬಾರದು, ಆಕ್ಸಾಲಿಕ್ ಆಮ್ಲವೇ ವಿಘಟಿಸುತ್ತದೆ.

ನಾನು ಎಡವಿದ್ದು ಇಲ್ಲಿ. ಮೊದಲ ಹನಿ ಬಿದ್ದಾಗ ಗುಲಾಬಿ ಬಣ್ಣ ಹಲವು ಸೆಕೆಂಡು ಹಾಗೇ ಉಳಿಯಿತು. ಅಂತ್ಯಬಿಂದು ಬಂತೆಂದು 0.2 ಎಂದು ಬರೆದುಬಿಟ್ಟೆ! ಬಣ್ಣ ಹೋಗಲು ತಡವಾಗಲು ಕಾರಣವಿದೆ. ಈ ಕ್ರಿಯೆಗೆ ವೇಗವರ್ಧಕ Mn²⁺ ಅಯಾನು. ಆದರೆ ಅದು ಕ್ರಿಯೆಯಲ್ಲೇ ಹುಟ್ಟಬೇಕು, ಆರಂಭದಲ್ಲಿ ಇರುವುದಿಲ್ಲ. ಆದ್ದರಿಂದ ಮೊದಲ ಹನಿಯ ಬಣ್ಣ ಪೂರ್ತಿ ಹೋಗುವವರೆಗೆ ಫ್ಲಾಸ್ಕನ್ನು ಅಲುಗಾಡಿಸುತ್ತಾ ಕಾಯಬೇಕು. ಆಮೇಲೆ ಹನಿಗಳು ಬಿದ್ದೊಡನೆ ಮಾಯವಾಗುತ್ತವೆ. ಹಾಗೆ ಮಾಯವಾಗುತ್ತಿದ್ದ ಬಣ್ಣ ಒಂದೇ ಹನಿಗೆ ತಿಳಿ ಗುಲಾಬಿಯಾಗಿ ಸುಮಾರು 30 ಸೆಕೆಂಡು ನಿಂತರೆ ಅದೇ ನಿಜವಾದ ಅಂತ್ಯಬಿಂದು.

ವೀಕ್ಷಣಾ ಕೋಷ್ಟಕ

| ಕ್ರ.ಸಂ. | ಆರಂಭಿಕ (ಮಿ.ಲೀ.) | ಅಂತಿಮ (ಮಿ.ಲೀ.) | ಬಳಸಿದ್ದು (ಮಿ.ಲೀ.) |
|---|---|---|---|
| 1 | 0.0 | 10.4 | 10.4 |
| 2 | 10.4 | 20.6 | 10.2 |
| 3 | 20.6 | 30.8 | 10.2 |

ಹೊಂದುವ ಎರಡು ಅಳತೆಗಳು ಸಿಕ್ಕವು, 10.2 ತೆಗೆದುಕೊಳ್ಳುತ್ತೇವೆ. ಎರಡು ಮೋಲ್ ಪರ್ಮಾಂಗನೇಟ್‌ಗೆ ಐದು ಮೋಲ್ ಆಕ್ಸಾಲಿಕ್ ಆಮ್ಲ ಬೇಕು:

```
M1 × 10.2 / 2 = 0.05 × 10 / 5
M1 = 0.0196 M
```

ಈ 2 ಮತ್ತು 5 ಅದಲುಬದಲಾದರೆ 0.1225 ಬರುತ್ತದೆ. ಹಿಡಿಯುವ ಉಪಾಯ ಸುಲಭ: ಎರಡೂ ಗಾತ್ರಗಳು ಹೆಚ್ಚುಕಡಿಮೆ ಸಮವಾಗಿರುವಾಗ ಪರ್ಮಾಂಗನೇಟ್‌ನ ಮೊಲಾರಿಟಿ 0.05ರ ಐದನೇ ಎರಡು ಭಾಗದ, ಅಂದರೆ 0.02ರ ಆಸುಪಾಸಿನಲ್ಲೇ ಇರಬೇಕು.

ಎಚ್ಚರಿಕೆ

ಬಣ್ಣ ಗಾಢವಾಗಿರುವುದರಿಂದ ಬ್ಯೂರೆಟ್‌ನಲ್ಲಿ ಮೇಲಿನ ಅಂಚನ್ನು ಓದಬೇಕು. ರಬ್ಬರ್ ಕೊಳವೆಯ ಬ್ಯೂರೆಟ್ ಬೇಡ, ಪರ್ಮಾಂಗನೇಟ್ ರಬ್ಬರನ್ನು ತಿನ್ನುತ್ತದೆ. ಫ್ಲಾಸ್ಕ್‌ನಲ್ಲಿ ಕಂದು ಕದಡು ಕಂಡರೆ ಅದು ಮ್ಯಾಂಗನೀಸ್ ಡೈಆಕ್ಸೈಡ್. ಆಮ್ಲ ಸಾಲದಾಗಿದೆ, ಇಲ್ಲವೇ ದ್ರಾವಣ ತಣ್ಣಗಾಗಿದೆ, ಇಲ್ಲವೇ ಪರ್ಮಾಂಗನೇಟನ್ನು ಅವಸರದಲ್ಲಿ ಸುರಿದಿದ್ದೀರಿ. ಆ ಪ್ರಯತ್ನವನ್ನು ಚೆಲ್ಲಿ ಮತ್ತೆ ಮಾಡಿ.

ವೈವಾದಲ್ಲಿ ಕೇಳಬಹುದಾದವು

*ಸೂಚಕ ಏಕಿಲ್ಲ?* ಪರ್ಮಾಂಗನೇಟ್ ತಾನೇ ಸೂಚಕ.

*ಹೈಡ್ರೋಕ್ಲೋರಿಕ್ ಆಮ್ಲ ಏಕೆ ಬೇಡ?* ಪರ್ಮಾಂಗನೇಟ್ ಕ್ಲೋರೈಡನ್ನು ಕ್ಲೋರಿನ್ ಮಾಡುವುದಕ್ಕೂ ಖರ್ಚಾಗುತ್ತದೆ, ಅಳತೆ ಹೆಚ್ಚು ಬರುತ್ತದೆ. ನೈಟ್ರಿಕ್ ಆಮ್ಲ ತಾನೇ ಉತ್ಕರ್ಷಣಕಾರಿ, ಹಾಗಾಗಿ ಅಳತೆ ಕಡಿಮೆ ಬರುತ್ತದೆ.

*ಮೋರ್ ಲವಣದ ಟೈಟ್ರೇಶನ್‌ನಲ್ಲಿ ಏಕೆ ಬಿಸಿ ಮಾಡುವುದಿಲ್ಲ?* ಬಿಸಿ ಮಾಡಿದರೆ ಫೆರಸ್ ಅಯಾನು ಗಾಳಿಯ ಆಮ್ಲಜನಕದಿಂದಲೇ ಫೆರಿಕ್ ಆಗಿಬಿಡುತ್ತದೆ.