ಹುಳು ಯಾವುದು, ಮಾತ್ರೆ ಯಾವುದು: ಜಂತುಹುಳು ಔಷಧಿಗಳ ಟಿಪ್ಪಣಿ

ಮೈಸೂರಿನಲ್ಲಿ ನಾವು ನಾಲ್ಕು ಜನ ಸೇರಿ ಫಾರ್ಮಕಾಲಜಿ ಓದುವಾಗ ಒಬ್ಬಳು ಕೇಳಿದಳು: "ಎಲ್ಲ ಹುಳಕ್ಕೂ ಅಲ್ಬೆಂಡಜೋಲ್ ಕೊಟ್ಟರೆ ಆಯ್ತು, ಅಲ್ವಾ?" ಉತ್ತರ ಹುಡುಕಲು ಒಂದು ಕೇಸ್ ಕಲ್ಪಿಸಿಕೊಂಡೆವು.

ಮಂಡ್ಯ ಕಡೆಯ ರೈತ. 52 ವರ್ಷ, 60 ಕೆಜಿ ತೂಕ. ಭತ್ತದ ಗದ್ದೆಯಲ್ಲಿ ಬರಿಗಾಲಲ್ಲೇ ಕೆಲಸ. ಆಗಾಗ ಹೊಟ್ಟೆ ಉಬ್ಬರ, ಮೈಮೇಲೆ ಬಂದು ಹೋಗುವ ತುರಿಕೆ. ಹುಳು ಅಥವಾ ಅಲರ್ಜಿ ಇದ್ದಾಗ ಏರುವ ಬಿಳಿ ರಕ್ತಕಣ ಇಯೊಸಿನೊಫಿಲ್ 14%, ಅಂದರೆ ಜಾಸ್ತಿ. ಅಲ್ಬೆಂಡಜೋಲ್ 400 ಮಿ.ಗ್ರಾಂ ಒಂದೇ ಮಾತ್ರೆ ನುಂಗಿದ್ದಾನೆ, ಗುಣವಾಗಿಲ್ಲ. ಈಗ ಆಸ್ತಮಾಕ್ಕೆ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಶುರು ಮಾಡಬೇಕು.

ಮೊದಲು ಅಲ್ಬೆಂಡಜೋಲ್ ಏನು ಮಾಡುತ್ತದೆ ನೋಡೋಣ. ಹುಳುವಿನ ಕೋಶದೊಳಗೆ ಸರಕು ಸಾಗಿಸಲು ಸಣ್ಣ ನಳಿಕೆಗಳಿವೆ. ಅವು ಟ್ಯೂಬ್ಯುಲಿನ್ ಎಂಬ ಪ್ರೋಟೀನ್ ತುಂಡುಗಳು ಸೇರಿ ಆದವು. ಒಂದು ತುದಿಯಲ್ಲಿ ತುಂಡುಗಳು ಕೂಡುತ್ತಲೇ ಇರುತ್ತವೆ, ಇನ್ನೊಂದು ತುದಿಯಲ್ಲಿ ಕಳಚುತ್ತಲೇ ಇರುತ್ತವೆ. ಔಷಧಿ ಬೀಟಾ ಟ್ಯೂಬ್ಯುಲಿನ್‌ಗೆ ಅಂಟಿ ಕೂಡುವುದನ್ನು ಮಾತ್ರ ತಡೆಯುತ್ತದೆ. ಕಳಚುವುದು ನಡೆದೇ ಇರುತ್ತದೆ. ಹಾಗಾಗಿ ನಳಿಕೆ ಕರಗಿಹೋಗುತ್ತದೆ. ಹುಳುವಿಗೆ ಗ್ಲೂಕೋಸ್ ಎಳೆದುಕೊಳ್ಳಲು ಆಗುವುದಿಲ್ಲ, ಕೂಡಿಟ್ಟ ಗ್ಲೈಕೋಜನ್ ಮುಗಿಯುತ್ತದೆ, ಕೆಲವು ದಿನಗಳಲ್ಲಿ ಹಸಿದು ಸಾಯುತ್ತದೆ. ನಮ್ಮ ಕೋಶದಲ್ಲೂ ಟ್ಯೂಬ್ಯುಲಿನ್ ಇದೆ. ಆದರೆ ಔಷಧಿ ಹುಳುವಿನದ್ದಕ್ಕೆ ತುಂಬಾ ಬಿಗಿಯಾಗಿ ಅಂಟುತ್ತದೆ, ನಮ್ಮದಕ್ಕೆ ಅಷ್ಟಾಗಿ ಅಲ್ಲ.

ಈ ಅಂಟುವ ಜಾಗ ಎಷ್ಟು ಸೂಕ್ಷ್ಮ ಅನ್ನುವುದಕ್ಕೆ ಕುರಿಗಳ ಹೊಟ್ಟೆಹುಳು ಹೀಮಾಂಕಸ್ ಒಳ್ಳೆಯ ಉದಾಹರಣೆ. ಅದರ ಬೀಟಾ ಟ್ಯೂಬ್ಯುಲಿನ್‌ನಲ್ಲಿ 200ನೇ ಸ್ಥಾನದ ಫಿನೈಲ್‌ಅಲನೀನ್ ಹೋಗಿ ಟೈರೋಸಿನ್ ಬಂದರೆ ಸಾಕು, ಔಷಧಿ ಹಿಡಿಯುವುದಿಲ್ಲ. ನಮ್ಮ ಬನ್ನೂರು ಕುರಿ ಸಾಕುವವರು ಒಂದೇ ಔಷಧಿಯನ್ನು ಪದೇ ಪದೇ ಕುಡಿಸಬಾರದು ಎನ್ನಲು ಇದೇ ಕಾರಣ.

ಎರಡನೆಯ ದಾರಿ ಲಕ್ವ ಹೊಡೆಸುವುದು. ದುಂಡುಹುಳು ಕರುಳಿನ ಹರಿವಿಗೆ ಎದುರಾಗಿ ಈಜುತ್ತಾ ಜಾಗ ಹಿಡಿದಿರುತ್ತದೆ. ಸ್ನಾಯು ಕೆಲಸ ನಿಲ್ಲಿಸಿದರೆ ಮಲದ ಜೊತೆ ಕೊಚ್ಚಿಹೋಗುತ್ತದೆ. ಪೈರಾಂಟೆಲ್ ಅದರ ಸ್ನಾಯುವನ್ನು ಬಿಗಿಸುವ ನಿಕೊಟಿನಿಕ್ ಗ್ರಾಹಕವನ್ನು ಒತ್ತಿಹಿಡಿದು ಹುಳುವನ್ನು ಸೆಟೆದು ನಿಲ್ಲಿಸುತ್ತದೆ. ಪಿಪರಜಿನ್ ಸ್ನಾಯುವನ್ನು ಸಡಿಲಿಸುವ ನರರಾಸಾಯನಿಕ ಗಾಬಾದಂತೆ ವರ್ತಿಸಿ ಜೋತು ಬೀಳಿಸುತ್ತದೆ. ಒಂದು ಬಿಗಿಸುತ್ತದೆ, ಇನ್ನೊಂದು ಸಡಿಲಿಸುತ್ತದೆ. ಹಾಗಾಗಿ ಎರಡನ್ನೂ ಒಟ್ಟಿಗೆ ಕೊಟ್ಟರೆ ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತದೆ. ಇದು ಪರೀಕ್ಷೆಯಲ್ಲಿ ಜಾಸ್ತಿ ಕೇಳುವ ಪ್ರಶ್ನೆ. ಸುಮ್ನೆ ಉರು ಹೊಡೆಯುವ ಬದಲು ಸ್ನಾಯುವಿನ ಚಿತ್ರ ಬರೆದುಕೊಳ್ಳಿ, ಮರೆಯುವುದಿಲ್ಲ.

ಈಗ ರೈತನ ಕಡೆಗೆ. ಮಲ ಪರೀಕ್ಷೆಯಲ್ಲಿ ಮೊಟ್ಟೆ ಸಿಗಲಿಲ್ಲ, ಓಡಾಡುವ ಮರಿಹುಳು ಸಿಕ್ಕವು. ಕೊಕ್ಕೆಹುಳುವಾಗಿದ್ದರೆ ಹೊಸ ಮಲದಲ್ಲಿ ಮೊಟ್ಟೆ ಕಾಣಬೇಕಿತ್ತು. ಹೊಸ ಮಲದಲ್ಲೇ ಮರಿ ಇದ್ದರೆ ಸ್ಟ್ರಾಂಗಿಲಾಯ್ಡಿಸ್ ಎಂಬ ಹುಳು ಎಂದು ಯೋಚಿಸಬೇಕು. ಇದರ ಹೆಣ್ಣುಹುಳು ಸಣ್ಣಕರುಳಿನ ಒಳಪೊರೆಯಲ್ಲಿ ಹುದುಗಿ ಕೂರುತ್ತದೆ. ಪೈರಾಂಟೆಲ್ ರಕ್ತಕ್ಕೆ ಹೆಚ್ಚು ಸೇರದೆ ಕರುಳಲ್ಲೇ ಉಳಿಯುವ ಔಷಧಿ, ಅದು ಈ ಹುಳಕ್ಕೆ ಉಪಯೋಗವಿಲ್ಲ. ಅಲ್ಬೆಂಡಜೋಲ್ ಒಂದೇ ಮಾತ್ರೆಯೂ ಸಾಲದು. ದಿನಕ್ಕೆ ಎರಡು ಸಲ 7 ದಿನ ಕೊಟ್ಟರೂ ಐವರ್ಮೆಕ್ಟಿನ್‌ನಷ್ಟು ಫಲ ಇಲ್ಲ.

ಐವರ್ಮೆಕ್ಟಿನ್ ಹುಳುವಿನ ನರ ಮತ್ತು ಸ್ನಾಯುವಿನ ಗ್ಲುಟಮೇಟ್ ಕ್ಲೋರೈಡ್ ದ್ವಾರಗಳನ್ನು ತೆರೆದೇ ಇಡುತ್ತದೆ. ಕ್ಲೋರೈಡ್ ಒಳಗೆ ನುಗ್ಗಿ ಹುಳು ಜೋತು ಬೀಳುತ್ತದೆ. ಈ ದ್ವಾರ ಮನುಷ್ಯರಲ್ಲಿ ಇಲ್ಲ. ಪ್ರಮಾಣ ಕೆಜಿಗೆ 200 ಮೈಕ್ರೋಗ್ರಾಂ. 60 ಕೆಜಿಗೆ ಲೆಕ್ಕ ಹಾಕಿದರೆ 12 ಮಿ.ಗ್ರಾಂ, ಖಾಲಿ ಹೊಟ್ಟೆಯಲ್ಲಿ, ದಿನಕ್ಕೊಮ್ಮೆ 1 ಅಥವಾ 2 ದಿನ.

ಇಲ್ಲಿ ಆತುರ ಯಾಕೆ ಅಂದರೆ, ಈ ಹುಳುವಿನ ಮರಿಗಳು ಹೊರಗೆ ಹೋಗದೆಯೇ ಕರುಳಲ್ಲೇ ಬಲಿತು ಅದೇ ಮನುಷ್ಯನನ್ನು ಮತ್ತೆ ಹೊಕ್ಕುತ್ತವೆ. ಹೀಗೆ ಹತ್ತಾರು ವರ್ಷ ಸದ್ದಿಲ್ಲದೆ ಇರಬಲ್ಲವು. ಸ್ಟೆರಾಯ್ಡ್ ಬಿದ್ದ ಕೂಡಲೇ ದೇಹದ ರೋಗನಿರೋಧಕ ತಡೆ ಕಳಚಿ ಮರಿಗಳು ಲೆಕ್ಕವಿಲ್ಲದಷ್ಟಾಗುತ್ತವೆ. ಶ್ವಾಸಕೋಶಕ್ಕೆ ನುಗ್ಗುತ್ತವೆ, ಕರುಳಿನ ಬ್ಯಾಕ್ಟೀರಿಯಾವನ್ನೂ ರಕ್ತಕ್ಕೆ ಹೊತ್ತೊಯ್ಯುತ್ತವೆ. ಆಗ ಉಸಿರಾಟದ ತೊಂದರೆ ಹೆಚ್ಚಿದರೆ ಆಸ್ತಮಾ ಎಂದುಕೊಂಡು ಸ್ಟೆರಾಯ್ಡ್ ಇನ್ನೂ ಹೆಚ್ಚಿಸುವ ತಪ್ಪು ನಡೆಯುತ್ತದೆ. ಮೋಸ ಮಾಡುವ ಇನ್ನೊಂದು ವಿಷಯ: ಆ ಹಂತದಲ್ಲಿ ಇಯೊಸಿನೊಫಿಲ್ ಸಾಮಾನ್ಯ ಮಟ್ಟಕ್ಕೆ ಇಳಿದಿರಬಹುದು. ಅದು ಗುಣವಾದ ಗುರುತಲ್ಲ.

ಆದ್ದರಿಂದ ನಮ್ಮ ರೈತನಿಗೆ ಮೊದಲು ಐವರ್ಮೆಕ್ಟಿನ್, ನಂತರ ಪ್ರೆಡ್ನಿಸೊಲೋನ್. ಆಸ್ತಮಾ ತೀವ್ರವಾಗಿದ್ದರೆ ಕಾಯಲು ಆಗುವುದಿಲ್ಲ, ಎರಡನ್ನೂ ಒಟ್ಟಿಗೆ ಕೊಡಬೇಕಾಗುತ್ತದೆ. ಮಲ ಪರೀಕ್ಷೆಯನ್ನು ಕೆಲವು ವಾರಗಳ ನಂತರ ಮತ್ತೆ ಮಾಡಬೇಕು, ಅದೂ ಬೇರೆ ಬೇರೆ ದಿನದ ಮಾದರಿಗಳಲ್ಲಿ. ಈ ಹುಳುವಿನ ಮರಿಗಳು ದಿನವೂ ಹೊರಬರುವುದಿಲ್ಲ, ಒಂದು ಸಲ ಕಾಣದಿದ್ದರೆ ಹುಳು ಇಲ್ಲ ಎಂದಲ್ಲ.