ಸೂಪರ್ ಚಾಟ್ ಮಾಡಿದವರ ಪ್ರಶ್ನೆಯನ್ನೇ ಮೊದಲು ಓದಬೇಕೆ?

ಪ್ರಶ್ನೆ: ನಮ್ಮದು ಅಡಿಕೆ ಕೃಷಿಯ ಯೂಟ್ಯೂಬ್ ಚಾನೆಲ್. ವಾರಕ್ಕೊಮ್ಮೆ ತಜ್ಞರನ್ನು ಕರೆಸಿ ಲೈವ್ ಮಾಡುತ್ತೇವೆ. ಹಣ ಕೊಟ್ಟು ಸೂಪರ್ ಚಾಟ್ ಮಾಡಿದವರಿಗೆ ಮೊದಲು ಉತ್ತರಿಸಿದರೆ ಉಳಿದವರು ಮುನಿಸಿಕೊಳ್ಳುತ್ತಾರೆ. ಲೈವ್ ಮುಗಿದ ಮೇಲೆ ಎರಡು ಗಂಟೆಯ ವಿಡಿಯೊ ಯಾರೂ ನೋಡುವುದಿಲ್ಲ. ಏನು ಮಾಡಬೇಕು?

ಉತ್ತರ: ಮೊದಲು ಓದಬೇಕಾಗಿಲ್ಲ. ಸೂಪರ್ ಚಾಟ್‌ಗೆ ಕೊಟ್ಟ ಹಣಕ್ಕೆ ಬಣ್ಣದ ಪಟ್ಟಿ ಸಿಗುತ್ತದೆ. ಮೊತ್ತ ಹೆಚ್ಚಿದಂತೆ ಸಂದೇಶ ಚಾಟ್‌ನ ಮೇಲ್ಭಾಗದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಅದು ಕಣ್ಣಿಗೆ ಬೀಳುವುದಕ್ಕೆ ಕೊಟ್ಟ ಹಣ. ತೆರಿಗೆ ಕಳೆದು ಉಳಿದುದರಲ್ಲಿ ಶೇ 70ರಷ್ಟು ನಿಮಗೆ ಬರುತ್ತದೆ. ಪ್ರತಿ ಅರ್ಧ ಗಂಟೆಗೊಮ್ಮೆ ಸೂಪರ್ ಚಾಟ್‌ಗಳನ್ನು ಒಟ್ಟಿಗೆ ಓದುತ್ತೇವೆ ಎಂದು ಆರಂಭದಲ್ಲೇ ಹೇಳಿಬಿಡಿ. ಉಳಿದ ಹೊತ್ತಿನಲ್ಲಿ ತೋಟಕ್ಕೆ ತುರ್ತಾಗಿ ಬೇಕಾದ ಪ್ರಶ್ನೆಯೇ ಮುಂದೆ ಬರಲಿ.

ಆ ಆಯ್ಕೆಯನ್ನು ಮಾತನಾಡುವವರು ಮಾಡಲಾಗದು. ಅದಕ್ಕೆ ಇಬ್ಬರು ಬೇಕು. ಒಬ್ಬರು ಚಾಟ್ ಕಾಯುವ ಮಾಡರೇಟರ್. ಕೃಷಿ ಲೈವ್‌ಗಳಲ್ಲಿ ಬೈಗುಳಕ್ಕಿಂತ ಹೆಚ್ಚು ಅಪಾಯ ತರುವುದು, ತಜ್ಞರ ಹೆಸರು ಮತ್ತು ಚಿತ್ರ ಹಾಕಿಕೊಂಡು 'ಈ ನಂಬರಿಗೆ ವಾಟ್ಸ್ಆ್ಯಪ್ ಮಾಡಿ' ಎಂದು ಔಷಧಿ ಮಾರುವವರು. ಲಿಂಕ್‌ಗಳನ್ನು ತಡೆಹಿಡಿಯುವ ಆಯ್ಕೆಯನ್ನು ಚಾಲೂ ಮಾಡಿ. ನಿರ್ಬಂಧಿತ ಪದಗಳ ಪಟ್ಟಿಯಲ್ಲಿ 'ವಾಟ್ಸ್ಆ್ಯಪ್' ಪದವನ್ನು ಕನ್ನಡದಲ್ಲೂ ಇಂಗ್ಲಿಷ್ ಅಕ್ಷರಗಳಲ್ಲೂ, ಜನ ಬರೆಯುವ ಎಲ್ಲ ಕಾಗುಣಿತಗಳಲ್ಲೂ ಸೇರಿಸಿ. ಚಾಟ್ ಓಡುತ್ತಿದ್ದರೆ ಸ್ಲೋ ಮೋಡ್ ಹಾಕಿ. ಒಬ್ಬರೇ ಸಾಲುಸಾಲಾಗಿ ಬರೆಯುವುದು ನಿಲ್ಲುತ್ತದೆ.

ಎರಡನೆಯವರ ಕೆಲಸ ಪ್ರಶ್ನೆ ಆರಿಸಿ ನಿರೂಪಕರಿಗೆ ಕೊಡುವುದು, ಉತ್ತರ ಶುರುವಾದ ಹೊತ್ತನ್ನು ಒಂದು ಹಾಳೆಯಲ್ಲಿ ಬರೆದಿಡುವುದು. ಎರಡು ಗಂಟೆಯ ವಿಡಿಯೊ ಯಾರೂ ನೋಡದಿದ್ದರೆ ಒಂದೊಂದು ಉತ್ತರವನ್ನು ಚಿಕ್ಕ ಕ್ಲಿಪ್ ಆಗಿ ಕತ್ತರಿಸಿ ಹಾಕಿ. ಆ ಕ್ಲಿಪ್‌ಗಳೆಲ್ಲ ಇರುವುದು ಈ ಹಾಳೆಯಲ್ಲಿ. ಲೈವ್ 7:02ಕ್ಕೆ ಆರಂಭವಾಗಿ 7:41ಕ್ಕೆ ಒಳ್ಳೆಯ ಉತ್ತರ ಬಂದಿದ್ದರೆ ವಿಡಿಯೊದ 39ನೇ ನಿಮಿಷಕ್ಕೆ ನೇರವಾಗಿ ಹೋಗಬಹುದು.

ಒಂದು ಉದಾಹರಣೆ. ಕೊಳೆ ರೋಗಕ್ಕೆ ಸಿಂಪಡಿಸುವ ಶೇ 1ರ ಬೋರ್ಡೋ ದ್ರಾವಣ ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆಂದು ಒಬ್ಬರು ಕೇಳುತ್ತಾರೆ. ತಜ್ಞರು ಹೇಳುತ್ತಾರೆ: ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು. ಉಜ್ಜಿ ತೊಳೆದ ಕಬ್ಬಿಣದ ಕತ್ತಿಯನ್ನು ಅದ್ದಿ ನೋಡಿ. ಅಲಗಿನ ಮೇಲೆ ಕೆಂಪು ತಾಮ್ರ ಹತ್ತಿದರೆ ಹುಳಿ ಉಳಿದಿದೆ, ಇನ್ನಷ್ಟು ಸುಣ್ಣದ ತಿಳಿ ಸೇರಿಸಿ ಮತ್ತೆ ಪರೀಕ್ಷಿಸಿ.

ಇದನ್ನು ಅಳತೆ ಹೇಳಿದಲ್ಲಿಗೇ ಕತ್ತರಿಸಿದರೆ ಕ್ಲಿಪ್ ಚುರುಕಾಗಿ ಕಾಣುತ್ತದೆ, ಆದರೆ ಸುಣ್ಣ ಸಪ್ಪೆಯಾಗಿದ್ದ ರೈತನ ಬೆಳೆ ಸುಡಬಹುದು. ಕತ್ತಿಯ ಪರೀಕ್ಷೆ ಒಳಗಿರಲೇಬೇಕು. ನಿರೂಪಕರು ಪ್ರಶ್ನೆಯನ್ನು ಪೂರ್ತಿ ಓದುವಲ್ಲಿಂದಲೇ ಕ್ಲಿಪ್ ಆರಂಭವಾಗಲಿ. 'ಹೌದು, ಅದನ್ನೇ ಮಾಡಿ' ಎಂದು ಶುರುವಾದರೆ ಏನು ಮಾಡಬೇಕೆಂದು ಯಾರಿಗೂ ತಿಳಿಯದು. ಶಾರ್ಟ್ಸ್‌ಗೆ ಈಗ ಮೂರು ನಿಮಿಷದವರೆಗೆ ಅವಕಾಶವಿರುವುದರಿಂದ ಅವಸರವಿಲ್ಲ.

ಪೂರ್ತಿ ವಿಡಿಯೊವನ್ನು ಅಳಿಸಬೇಡಿ. ಅದೇ ಹಾಳೆಯ ಸಮಯಗಳನ್ನು ವಿಡಿಯೊದ ನಿಮಿಷಗಳಿಗೆ ಬದಲಿಸಿ ವಿವರಣೆಯಲ್ಲಿ ಹಾಕಿದರೆ ಅಧ್ಯಾಯಗಳಾಗುತ್ತವೆ: ಮೊದಲನೆಯದು 00:00 ಇರಬೇಕು, ಕನಿಷ್ಠ ಮೂರು ಬೇಕು. ಕ್ಲಿಪ್‌ಗೆ ಸಂಬಂಧಿತ ವಿಡಿಯೊ ಆಗಿ ಮೂಲ ಲೈವ್ ಅನ್ನು ಜೋಡಿಸಿ.